ಹೊರದೇಶದ ಕನ್ನಡಿಗರ ಮದುವೆ ಪ್ರೊಫೈಲ್: ಹಬ್ಬ, ಊಟ, ಭಾಷೆಯ ಬಗ್ಗೆ ಬರೆಯುವುದು ಹೇಗೆ

ಹೊರದೇಶದಲ್ಲಿರುವ ಕನ್ನಡಿಗರ ಹತ್ತು ಪ್ರೊಫೈಲ್‌ಗಳನ್ನು ಒಟ್ಟಿಗೆ ಓದಿದರೆ ಎಲ್ಲವೂ ಒಬ್ಬರೇ ಬರೆದಂತೆ ಕಾಣುತ್ತವೆ. ‘ನಮ್ಮ ಸಂಸ್ಕೃತಿಯ ಬಗ್ಗೆ ಅಭಿಮಾನ’, ‘ಎಲ್ಲ ಹಬ್ಬಗಳನ್ನೂ ಆಚರಿಸುತ್ತೇವೆ’, ‘ದಕ್ಷಿಣ ಭಾರತದ ಊಟ ಇಷ್ಟ’, ‘ಕನ್ನಡ ಬಲ್ಲವರಿಗೆ ಆದ್ಯತೆ’. ಸುಳ್ಳು ಯಾವುದೂ ಅಲ್ಲ. ಆದರೆ ಇದನ್ನು ಓದಿದವರಿಗೆ ನಿಮ್ಮ ಮನೆಯ ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಾಗುವುದಿಲ್ಲ. ಬೀದರಿನವರೂ ಕುಂದಾಪುರದವರೂ ಇದೇ ಸಾಲು ಬರೆಯುತ್ತಾರೆ. ದಿನಾ ಸಂಧ್ಯಾವಂದನೆ ಮಾಡುವವರೂ ವರ್ಷಕ್ಕೊಮ್ಮೆ ಕನ್ನಡ ಕೂಟದ ಊಟಕ್ಕೆ ಹೋಗಿಬರುವವರೂ ಇದನ್ನೇ ಬರೆಯುತ್ತಾರೆ. ಆಮೇಲೆ ಆರು ತಿಂಗಳು ಫೋನಿನಲ್ಲಿ ಮಾತಾಡಿ, ಮೊಟ್ಟೆಯ ವಿಷಯಕ್ಕೋ ಮಕ್ಕಳ ಭಾಷೆಯ ವಿಷಯಕ್ಕೋ ಸಂಬಂಧ ಮುರಿಯುತ್ತದೆ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದಿದ್ದರೆ ಈ ಮೂರನ್ನು ಬಿಡಿಸಿ ಬರೆಯುವ ಅಗತ್ಯ ಅಷ್ಟಾಗಿ ಬರುತ್ತಿರಲಿಲ್ಲ. ಹಬ್ಬವನ್ನು ಓಣಿಯೇ ನೆನಪಿಸುತ್ತದೆ, ಮಕ್ಕಳು ಬೀದಿಯಲ್ಲೇ ಕನ್ನಡ ಕಲಿಯುತ್ತಾರೆ, ರೊಟ್ಟಿ ಬೇಕಾದರೆ ಖಾನಾವಳಿ ಇದೆ. ಡಲ್ಲಾಸಿನಲ್ಲೋ ಮೆಲ್ಬರ್ನಿನಲ್ಲೋ ಈ ಮೂರನ್ನೂ ನಡೆಸಬೇಕಾದವರು ಮನೆಯ ಇಬ್ಬರೇ. ಹಾಗಾಗಿ ಯಾರು ಎಷ್ಟು ಮಾಡುತ್ತಾರೆ ಎಂಬುದು ಮದುವೆಗೆ ಮುಂಚೆಯೇ ತಿಳಿಯಬೇಕಾದ ವಿಷಯ.

ಮೊದಲು ಕಳೆದ ವರ್ಷದ ಲೆಕ್ಕ

ಪ್ರೊಫೈಲ್ ಬರೆಯಲು ಕೂರುವ ಮುಂಚೆ ಒಂದು ಹಾಳೆಯಲ್ಲಿ ಕಳೆದ ಯುಗಾದಿಯಿಂದ ಈ ಯುಗಾದಿಯವರೆಗೆ ನಿಜವಾಗಿ ಏನೇನು ಮಾಡಿದಿರಿ ಎಂದು ಬರೆದುಕೊಳ್ಳಿ. ನೆನಪನ್ನು ನಂಬಬೇಡಿ, ಫೋನಿನ ಫೋಟೊಗಳನ್ನು ತೆರೆದು ತಿಂಗಳ ಪ್ರಕಾರ ನೋಡಿ. ಯಾವ ಹಬ್ಬ ಮನೆಯಲ್ಲಿ ಆಯಿತು, ಯಾವುದು ಕೂಟದ ಸಭಾಂಗಣದಲ್ಲಿ ಆಯಿತು, ಯಾವುದು ಊರಿಗೆ ವಿಡಿಯೊ ಕರೆ ಮಾಡುವುದರಲ್ಲೇ ಮುಗಿಯಿತು? ರಜೆ ಹಾಕಿದ್ದು ಯಾವುದಕ್ಕೆ? ಅಡುಗೆ ಮಾಡಿದ್ದು ಯಾರು?

ಇದರಲ್ಲಿ ಒಂದು ವಿಷಯ ಹೊರದೇಶದವರಿಗೇ ವಿಶೇಷವಾದದ್ದು. ಹಬ್ಬವನ್ನು ತಿಥಿಗೆ ಮಾಡುತ್ತೀರೋ ಶನಿವಾರಕ್ಕೆ ಮಾಡುತ್ತೀರೋ? ಅಮೆರಿಕದಲ್ಲಿ ಅಲ್ಲಿನ ಸೂರ್ಯೋದಯಕ್ಕೆ ಪಂಚಾಂಗ ಲೆಕ್ಕ ಹಾಕಿದರೆ ಕೆಲವು ವರ್ಷ ಹಬ್ಬ ಊರಿಗಿಂತ ಒಂದು ದಿನ ಮುಂಚೆಯೇ ಬೀಳುತ್ತದೆ. ಕೆಲವರು ಸ್ಥಳೀಯ ಪಂಚಾಂಗ ನೋಡುತ್ತಾರೆ, ಕೆಲವರು ಅಮ್ಮ ಹೇಳಿದ ದಿನ ಮಾಡುತ್ತಾರೆ, ಬಹಳಷ್ಟು ಜನ ವಾರಾಂತ್ಯಕ್ಕೆ ತಳ್ಳುತ್ತಾರೆ. ಮೂರೂ ನಡೆಯುವಂಥವೇ. ಆದರೆ ಮಂಗಳವಾರ ಬೆಳಗ್ಗೆ ನಾಲ್ಕಕ್ಕೆ ಎದ್ದು ಎಣ್ಣೆಸ್ನಾನ ಮುಗಿಸಿ ಕೆಲಸಕ್ಕೆ ಹೋಗುವವರಿಗೂ, ‘ಶನಿವಾರ ನೋಡೋಣ ಬಿಡಿ’ ಎನ್ನುವವರಿಗೂ ಹೊಂದಾಣಿಕೆ ಬೇಕಾಗುತ್ತದೆ. ಒಂದೇ ವಾಕ್ಯ ಬರೆದರೆ ಸಾಕು: ‘ಹಬ್ಬ ತಿಥಿಗೇ ಮಾಡುತ್ತೇನೆ, ಊಟಕ್ಕೆ ಜನರನ್ನು ಕರೆಯುವುದು ವಾರಾಂತ್ಯಕ್ಕೆ.’

ಹಬ್ಬ: ಎರಡನ್ನೇ ಆರಿಸಿ

ಯುಗಾದಿ, ಗಣೇಶನ ಹಬ್ಬ, ದೀಪಾವಳಿ ಎಂದು ಪಟ್ಟಿ ಕೊಟ್ಟರೆ ಕರ್ನಾಟಕದ ಅರ್ಧ ಜನ ಅದರಲ್ಲಿ ಬಂದುಬಿಡುತ್ತಾರೆ. ನಿಮ್ಮ ಮನೆಯನ್ನು ಗುರುತಿಸುವಂಥ ಎರಡು ಹಬ್ಬ ಆರಿಸಿ. ಹಳೆ ಮೈಸೂರಿನವರಾದರೆ ದಸರಾ ಗೊಂಬೆ ಕೂರಿಸುವುದಿರಬಹುದು, ವರಮಹಾಲಕ್ಷ್ಮಿ ಇರಬಹುದು. ವಿಜಯಪುರ, ಕಲಬುರಗಿ ಕಡೆಯವರಾದರೆ ಎಳ್ಳಮಾವಾಸ್ಯೆ, ನಾಗರಪಂಚಮಿ. ಕೊಡಗಿನವರಿಗೆ ಪುತ್ತರಿ, ಮಲೆನಾಡಿನ ರೈತ ಮನೆತನಕ್ಕೆ ಭೂಮಿ ಹುಣ್ಣಿಮೆ, ಉಡುಪಿಯವರಿಗೆ ಅಷ್ಟಮಿ. ಈ ಹೆಸರು ನೋಡಿದ ತಕ್ಷಣ ಆ ಸೀಮೆಯವರು ಪ್ರೊಫೈಲಿನ ಮೇಲೆ ಕಣ್ಣು ನಿಲ್ಲಿಸುತ್ತಾರೆ. ಆ ಸೀಮೆಯವರಲ್ಲದವರಿಗೂ ಕೇಳಲು ಒಂದು ಪ್ರಶ್ನೆ ಸಿಗುತ್ತದೆ, ಮೊದಲ ಮಾತು ಶುರುವಾಗಲು ಅದು ಒಳ್ಳೆಯ ದಾರಿ.

ಪ್ರತಿ ಹಬ್ಬಕ್ಕೂ ಮೂರು ವಿಷಯ ಹೇಳಿ: ಏನು ಮಾಡುತ್ತೀರಿ, ಯಾರ ಜೊತೆ ಮಾಡುತ್ತೀರಿ, ಜೊತೆಗಾರರಿಂದ ಏನು ನಿರೀಕ್ಷಿಸುತ್ತೀರಿ. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ, ಜಗಳ ಹುಟ್ಟುವುದು ಅಲ್ಲಿಯೇ. ‘ಗೊಂಬೆ ಕೂರಿಸುತ್ತೇನೆ, ಪೂಜೆಯಲ್ಲಿ ಕೂರಲೇಬೇಕೆಂದಿಲ್ಲ, ಒಂಬತ್ತು ದಿನ ಮನೆಗೆ ಜನ ಬರುವುದು ನಿಮಗೆ ಕಿರಿಕಿರಿ ಆಗಬಾರದು’ ಎಂದು ಬರೆದರೆ ಓದುವವರು ತಮ್ಮನ್ನು ಅಲ್ಲಿಟ್ಟು ನೋಡಿಕೊಳ್ಳುತ್ತಾರೆ. ಮಡಿ, ಉಪವಾಸ, ಮುಟ್ಟಿನ ದಿನಗಳ ನಿಯಮ ನಿಮ್ಮ ಮನೆಯಲ್ಲಿ ಇದ್ದರೆ, ಮದುವೆಯಾದ ಮೇಲೂ ನಡೆಯಬೇಕೆಂದಿದ್ದರೆ, ಅದನ್ನು ಪ್ರೊಫೈಲಿನಲ್ಲೋ ತಪ್ಪಿದರೆ ಎರಡನೆಯ ಮಾತುಕತೆಯಲ್ಲೋ ಹೇಳಿಬಿಡಿ. ಮದುವೆಯ ನಂತರ ಅತ್ತೆಯ ಬಾಯಲ್ಲಿ ಮೊದಲ ಸಲ ಕೇಳುವ ವಿಷಯ ಅದಾಗಬಾರದು.

ಊಟ: ತಿನ್ನುವುದು, ಮಾಡುವುದು, ಮನೆಯೊಳಗೆ ಬಿಡುವುದು

ಊಟದ ಬಗ್ಗೆ ಸೈಟುಗಳು ಒಂದೇ ಕಾಲಂ ಕೊಡುತ್ತವೆ: ಸಸ್ಯಾಹಾರ, ಮಾಂಸಾಹಾರ, ಮೊಟ್ಟೆ ತಿನ್ನುವ ಸಸ್ಯಾಹಾರ. ಹೊರದೇಶದ ಅಡುಗೆಮನೆಗೆ ಇದು ಸಾಲದು. ಮೂರು ಬೇರೆ ಬೇರೆ ಪ್ರಶ್ನೆಗಳು ಇದರಲ್ಲಿ ಸೇರಿಕೊಂಡಿವೆ.

ಮೊದಲನೆಯದು, ವಾರದ ದಿನ ನಿಜವಾಗಿ ಏನು ತಿನ್ನುತ್ತೀರಿ. ‘ಮುದ್ದೆ, ಬಸ್ಸಾರು ಪ್ರಾಣ’ ಎಂದು ಬರೆದು, ವಾರದಲ್ಲಿ ಐದು ದಿನ ಸ್ಯಾಂಡ್‌ವಿಚ್ ತಿನ್ನುವವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಹಾಗೆಯೇ ಬರೆಯಿರಿ. ‘ಸೋಮವಾರದಿಂದ ಶುಕ್ರವಾರ ಸಿಕ್ಕಿದ್ದು, ಭಾನುವಾರ ಮುದ್ದೆ, ಉಪ್ಪುಸಾರು’ ಎಂಬ ಸಾಲಿನಲ್ಲಿ ಮನುಷ್ಯ ಕಾಣುತ್ತಾನೆ.

ಎರಡನೆಯದು, ಅಡುಗೆ ಯಾರು ಮಾಡುತ್ತಾರೆ. ಇದನ್ನು ಹುಡುಗರು ಹೆಚ್ಚು ಗಮನವಿಟ್ಟು ಬರೆಯಬೇಕು. ‘ಮನೆ ಊಟ ಇಷ್ಟ’ ಎಂದು ಹುಡುಗ ಬರೆದರೆ, ಓದುವ ಹುಡುಗಿಗೆ ‘ನೀನು ಮಾಡಿ ಹಾಕಬೇಕು’ ಎಂದೇ ಕೇಳಿಸುತ್ತದೆ. ನಿಮಗೆ ಬರುವ ಎರಡು ಅಡುಗೆಯ ಹೆಸರು ಹೇಳಿ. ಜೋಳದ ರೊಟ್ಟಿ ಬಡಿಯಲು ಬರುತ್ತದೆ ಎಂದು ಬರೆದವರನ್ನು ಉತ್ತರ ಕರ್ನಾಟಕದವರು ಮೊದಲ ಕರೆಯಲ್ಲೇ ‘ಅಲ್ಲಿಯ ಹಿಟ್ಟು ಕೂಡತೈತೇನು?’ ಎಂದು ಕೇಳುತ್ತಾರೆ. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಹಿಟ್ಟು ಕುದಿಯುವ ಎಸರು ಹಾಕಿ ನಾದಿದರೂ ಅಂಚಿನಲ್ಲಿ ಸೀಳುತ್ತದೆ. ನಿಜವಾಗಿ ಮಾಡುವವರು ಯಾವ ಅಂಗಡಿಯಲ್ಲಿ ಹೊಸ ಹಿಟ್ಟು ಸಿಗುತ್ತದೆ, ಇಲ್ಲವೇ ಮನೆಯಲ್ಲೇ ಹೇಗೆ ಬೀಸಿಕೊಳ್ಳುತ್ತಾರೆ ಎಂದು ತಕ್ಷಣ ಹೇಳುತ್ತಾರೆ. ಸುಮ್ಮನೆ ಬರೆದವರು ಮಾತು ತಿರುಗಿಸುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ನೀವು ತಿನ್ನದಿದ್ದರೂ ಮನೆಯಲ್ಲಿ ಏನು ಬೇಯಬಹುದು? ಇಬ್ಬರು ಸಸ್ಯಾಹಾರಿಗಳ ನಡುವೆಯೂ ಇಲ್ಲಿ ವ್ಯತ್ಯಾಸ ಇರುತ್ತದೆ. ಒಬ್ಬರಿಗೆ ಮೊಟ್ಟೆ ಹಾಕಿದ ಕೇಕ್ ನಡೆಯುತ್ತದೆ, ಇನ್ನೊಬ್ಬರಿಗೆ ಅದು ಫ್ರಿಜ್ಜಿಗೂ ಬರಬಾರದು. ಒಬ್ಬರ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ದಿನಾ ಬೇಕು, ಇನ್ನೊಬ್ಬರ ಮನೆಯಲ್ಲಿ ಚಾತುರ್ಮಾಸ್ಯ ಬಂದರೆ ಇಲ್ಲ. ಮಾಂಸ ತಿನ್ನುವ ಮನೆತನಗಳಲ್ಲೂ ಸೋಮವಾರ, ಶನಿವಾರ ಅಥವಾ ಇಡೀ ಶ್ರಾವಣ ಬಿಡುವವರಿದ್ದಾರೆ. ಕೊಡಗಿನವರಿಗೆ ಹಬ್ಬವೆಂದರೆ ಪಂದಿ ಕರಿ, ಕಡಂಬುಟ್ಟು. ಮಂಗಳೂರಿನವರಿಗೆ ಮೀನಿಲ್ಲದೆ ಊಟ ಇಳಿಯದು. ಆದ್ದರಿಂದ ಹೀಗೆ ಬರೆಯಿರಿ: ‘ನಾನು ಸಸ್ಯಾಹಾರಿ. ನೀವು ಹೊರಗೆ ತಿಂದರೆ ಅಡ್ಡಿಯಿಲ್ಲ. ಮನೆಯಲ್ಲಿ ಮಾಡುವುದು ಬೇಡ.’ ಅಥವಾ, ‘ನಾನು ಮೀನು, ಕೋಳಿ ತಿನ್ನುತ್ತೇನೆ, ಮನೆಯಲ್ಲೇ ಮಾಡುತ್ತೇನೆ, ನೀವು ಸಸ್ಯಾಹಾರಿಯಾದರೆ ಪಾತ್ರೆ ಬೇರೆ ಇಡಲು ಸಿದ್ಧ.’ ಇಷ್ಟು ನೇರವಾಗಿ ಬರೆದರೆ ಬರುವ ಪತ್ರಗಳ ಸಂಖ್ಯೆ ಇಳಿಯುತ್ತದೆ, ಇಳಿಯಲಿ. ಮಾತು ಮುಂದುವರಿಯುವುದು ಉಳಿದವರ ಜೊತೆಗೇ.

ಇಲ್ಲೇ ಒಂದು ಮಾತು ಹೇಳಲೇಬೇಕು. ‘ಶುದ್ಧ ಸಸ್ಯಾಹಾರಿ, ಆಚಾರವಂತ ಮನೆತನ’ ಎಂಬುದನ್ನು ಎಷ್ಟೋ ಜನ ಜಾತಿಯ ಬದಲು ಬರೆಯುತ್ತಾರೆ. ನಿಮಗೆ ಜಾತಿ, ಒಳಪಂಗಡ ಮುಖ್ಯವಾದರೆ ಅದಕ್ಕಿರುವ ಕಾಲಂನಲ್ಲಿ ನೇರವಾಗಿ ತುಂಬಿ. ಮುಖ್ಯವಲ್ಲದಿದ್ದರೆ ‘ಜಾತಿಯ ಅಡ್ಡಿ ಇಲ್ಲ’ ಎಂದು ಬರೆಯಿರಿ, ಮನೆಯವರೂ ಅದಕ್ಕೆ ಒಪ್ಪಿದ್ದಾರೆಯೇ ಎಂದು ಮೊದಲೇ ಕೇಳಿಕೊಂಡು. ಊಟದ ಸಾಲಿನ ಹಿಂದೆ ಜಾತಿಯನ್ನು ಬಚ್ಚಿಟ್ಟರೆ, ಊಟ ಹೊಂದಿದ ಒಬ್ಬರು ಮೂರು ತಿಂಗಳು ಮನಸ್ಸಿಟ್ಟು ಮಾತಾಡಿದ ಮೇಲೆ ‘ನಮ್ಮ ಮನೆಯಲ್ಲಿ ಒಪ್ಪುವುದಿಲ್ಲ’ ಎಂಬ ಉತ್ತರ ಕೇಳಬೇಕಾಗುತ್ತದೆ. ಅದು ಅನ್ಯಾಯ.

ಭಾಷೆ: ‘ಕನ್ನಡ ಬಲ್ಲೆ’ ಎಂದರೆ ಎಷ್ಟು?

ಮೂರರಲ್ಲಿ ಹೆಚ್ಚು ಅಸ್ಪಷ್ಟವಾಗಿ ಬರೆಯುವುದು ಭಾಷೆಯ ಬಗ್ಗೆ. ಊರಲ್ಲಿ ಬೆಳೆದು ಕೆಲಸಕ್ಕೆ ಹೋದವರು ಕನ್ನಡ ಬರುತ್ತದೆ ಎಂದರೆ ಓದು ಬರಹ ಎರಡೂ ಸೇರಿರುತ್ತದೆ ಎಂದುಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲೋ ಲಂಡನ್ನಿನಲ್ಲೋ ಹುಟ್ಟಿದವರಿಗೆ ಅದು ಅಜ್ಜಿಯ ಮಾತು ಅರ್ಥವಾಗುವಷ್ಟು ಇರಬಹುದು. ಬೆಂಗಳೂರಿನಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದಿದ ಎಷ್ಟೋ ಜನ ಸೊಗಸಾಗಿ ಮಾತಾಡುತ್ತಾರೆ, ಆದರೆ ಒಂದು ಪುಟ ಓದಲು ತಡಕಾಡುತ್ತಾರೆ. ಮೂವರೂ ಕಾಲಂನಲ್ಲಿ ತುಂಬುವುದು ಮಾತೃಭಾಷೆ ಕನ್ನಡ ಎಂದೇ.

ಹಾಗಾಗಿ ಮಟ್ಟವನ್ನು ಹೇಳುವ ಬದಲು ಬಳಕೆಯನ್ನು ಹೇಳಿ. ಅಪ್ಪ ಅಮ್ಮನ ಜೊತೆ ಯಾವ ಭಾಷೆ, ತಮ್ಮ ತಂಗಿಯ ಜೊತೆ ಯಾವುದು, ಸಂದೇಶ ಬರೆಯುವುದು ಕನ್ನಡ ಲಿಪಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ. ಹೊರಗೆ ಹುಟ್ಟಿದವರು ಸಂಕೋಚ ಪಡದೆ ಹೀಗೆ ಬರೆಯಬಹುದು: ‘ಮನೆಯಲ್ಲಿ ಕನ್ನಡ ಕೇಳಿ ಬೆಳೆದೆ. ಪೂರ್ತಿ ಅರ್ಥವಾಗುತ್ತದೆ, ಉತ್ತರ ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರುತ್ತದೆ. ಓದಲು ಬರುವುದಿಲ್ಲ. ಜೊತೆಗಾರರು ನನ್ನ ಜೊತೆ ಕನ್ನಡವನ್ನೇ ಮಾತಾಡಿದರೆ ಸಂತೋಷ.’ ಇದನ್ನು ಓದಿದ ಊರಿನ ಹುಡುಗಿಗೆ ಎಲ್ಲವೂ ಗೊತ್ತಾಯಿತು, ಕಟ್ಟಿಹಾಕಿದಂತೆಯೂ ಆಗಲಿಲ್ಲ.

ಮನೆಮಾತು ಬೇರೆ ಇದ್ದರೆ ಅದನ್ನು ಖಂಡಿತ ಬರೆಯಿರಿ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ತೆಲುಗು ಮಾತಾಡುವ ಕನ್ನಡಿಗರು ಲಕ್ಷಾಂತರ. ಹವ್ಯಕ, ಅರೆಭಾಷೆ, ಕುಂದಾಪುರದ ಕನ್ನಡ ಮಾತಾಡುವವರೂ ಹೆಸರು ಹೇಳಲಿ. ಮದುವೆಯಾದ ಮೇಲೆ ಮಾವನ ಮನೆಯಲ್ಲಿ ಎಲ್ಲರೂ ತುಳುವಿನಲ್ಲಿ ನಗುತ್ತಿದ್ದಾಗ ಮೈಸೂರಿನ ಸೊಸೆ ಸುಮ್ಮನೆ ಕೂರಬೇಕಾಗುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ, ಅವಳು ಕಲಿಯಲು ಸಿದ್ಧಳಾಗಿಯೇ ಬರುತ್ತಾಳೆ.

ಇನ್ನು ಮಕ್ಕಳ ಭಾಷೆ. ಇದನ್ನು ಪ್ರೊಫೈಲಿನಲ್ಲಿ ಬರೆಯುವುದು ಅವಸರ ಎಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಶಾಲೆಗೆ ಸೇರಿದ ವರ್ಷವೇ ಮಗು ಇಂಗ್ಲಿಷಿಗೆ ತಿರುಗುತ್ತದೆ. ತಂದೆ ತಾಯಿ ತಮ್ಮತಮ್ಮಲ್ಲಿ ಇಂಗ್ಲಿಷ್ ಮಾತಾಡುವ ಮನೆಯಲ್ಲಿ ಆ ತಿರುವು ಇನ್ನೂ ಬೇಗ. ವಾರಕ್ಕೊಮ್ಮೆಯ ಕನ್ನಡ ತರಗತಿ ಅಕ್ಷರ ಕಲಿಸುತ್ತದೆ, ಮಾತು ಮನೆಯಿಂದಲೇ ಬರಬೇಕು. ನಿಮಗೆ ಇದು ಬೇಕಾದದ್ದಾದರೆ ಜೊತೆಗಾರರಿಗೂ ಬೇಕಾಗಿರಬೇಕು, ಒಬ್ಬರಿಂದ ಆಗದು.

ಪ್ರೊಫೈಲನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದಕ್ಕೆ ನನ್ನ ಸಲಹೆ: ಮೇಲೆ ಕನ್ನಡ ಲಿಪಿಯಲ್ಲಿ ಒಂದು ಪ್ಯಾರಾ, ಕೆಳಗೆ ಅದೇ ವಿಷಯ ಇಂಗ್ಲಿಷಿನಲ್ಲಿ. ಕನ್ನಡದ ಪ್ಯಾರಾ ನೀವೇ ಬರೆಯಬೇಕು, ನಿಮ್ಮ ಊರಿನ ಕನ್ನಡದಲ್ಲೇ ಬರೆದರೆ ಇನ್ನೂ ಒಳ್ಳೆಯದು. ಮಾವನೋ ಚಿಕ್ಕಪ್ಪನೋ ಗ್ರಾಂಥಿಕವಾಗಿ ಬರೆದುಕೊಟ್ಟಿದ್ದನ್ನು ಹಾಕಿದರೆ ಮೊದಲ ಫೋನ್ ಕರೆಯಲ್ಲೇ ಅದು ಬಯಲಾಗುತ್ತದೆ.

ಒಂದು ಪ್ರೊಫೈಲನ್ನು ತಿದ್ದಿ ನೋಡೋಣ

ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ತಂದೆ ತಾಯಿಯ ಊರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು, ಶಾಲೆ ಕಾಲೇಜು ಹುಬ್ಬಳ್ಳಿ, ಈಗ ಕೆಲಸ ನ್ಯೂಜೆರ್ಸಿಯಲ್ಲಿ. ಊರಿನಿಂದ ಅಪ್ಪ ಹಾಕಿದ ಪ್ರೊಫೈಲ್ ಹೀಗಿತ್ತು:

> ಸುಸಂಸ್ಕೃತ ಮನೆತನದ, ಸಂಪ್ರದಾಯಸ್ಥ, ಗೃಹಕೃತ್ಯದಲ್ಲಿ ನಿಪುಣೆ. ಎಲ್ಲ ಹಬ್ಬಹರಿದಿನಗಳನ್ನೂ ಆಚರಿಸುವಳು. ಕನ್ನಡಾಭಿಮಾನಿ. ಅಮೆರಿಕದಲ್ಲಿ ಉತ್ತಮ ಉದ್ಯೋಗ. ತಕ್ಕ ವರ ಬೇಕಾಗಿದೆ.

ಅವಳೇ ಕೂತು, ಕಳೆದ ವರ್ಷದ ಲೆಕ್ಕ ಮುಂದಿಟ್ಟುಕೊಂಡು ಬರೆದರೆ ಹೀಗಾಗುತ್ತದೆ:

> ನಮ್ಮೂರು ಇಂಡಿ ತಾಲ್ಲೂಕಿನ್ಯಾಗ. ಸಾಲಿ ಕಲಿತದ್ದು ಹುಬ್ಬಳ್ಳ್ಯಾಗ. ಈಗ ಕೆಲಸದ ವೀಸಾದ ಮ್ಯಾಲೆ ನ್ಯೂಜೆರ್ಸಿಯೊಳಗ ಅದೀನಿ. ಅವ್ವ, ಅಪ್ಪ, ತಮ್ಮ, ಎಲ್ಲಾರ ಜೋಡಿ ಕನ್ನಡನ ಮಾತಾಡತೀನಿ. ಓದಾಕ ಚೊಲೊ ಬರತೈತಿ, ಬರಿಯೂದು ಸ್ವಲ್ಪ ನಿಧಾನ. ಹಬ್ಬದಾಗ ಎಳ್ಳಮಾವಾಸ್ಯಿ, ಪಂಚಮಿ ಬಿಡಂಗಿಲ್ಲ. ಇಲ್ಲಿ ಚರಗ ಚೆಲ್ಲಾಕ ಹೊಲ ಇಲ್ಲ, ಥಂಡಿನೂ ಭಾಳ. ಅದಕ್ಕ ಅಮಾಸಿ ಆದ ಶನಿವಾರ ನಾಕೈದು ಮಂದಿ ಒಬ್ಬರ ಮನ್ಯಾಗ ಕೂಡಿ ಸಜ್ಜಿ ರೊಟ್ಟಿ, ಭಜ್ಜಿ, ಕಡಬು ಮಾಡಿ ಉಣತೀವಿ. ರಜಾ ಹಾಕೂದು ದೀಪಾವಳಿ ಪಾಡ್ಯಕ್ಕ ಅಷ್ಟ. ವಾರದಾಗ ಅನ್ನ ಸಾರು ಇಲ್ಲಾ ಪಾಸ್ತಾ. ರವಿವಾರ ರೊಟ್ಟಿ, ಝುಣಕ. ರೊಟ್ಟಿ ಬಡಿಯಾಕ ಬರತೈತಿ, ದಿನಾ ಬಡಿಯೂದು ಆಗಂಗಿಲ್ಲ. ನಾ ಶಾಕಾಹಾರಿ, ತತ್ತಿ ತಿಂತೀನಿ. ನೀವು ಹೊರಗ ಮಾಂಸ ತಿಂದ್ರ ತಕರಾರಿಲ್ಲ, ಮನ್ಯಾಗ ಮಾಡೂದು ಬ್ಯಾಡ. ಒಂದು ಮಾತು ಗಟ್ಟಿ: ಮಕ್ಕಳ ಜೋಡಿ ಇಬ್ಬರೂ ಕನ್ನಡದಾಗ ಮಾತಾಡಬೇಕು. ನೀವು ಯಾವ ಸೀಮಿಯವರಾದ್ರೂ ನಡಿತೈತಿ.

ಅಪ್ಪ ಇದನ್ನು ಓದಿ ಮೊದಲು ಬೇಡ ಎನ್ನುವುದು ಪಾಸ್ತಾವನ್ನೂ ‘ದಿನಾ ಆಗಂಗಿಲ್ಲ’ ಎಂಬುದನ್ನೂ. ಆ ಎರಡನ್ನೂ ಬಿಡಬಾರದು. ದಿನಾ ಬಿಸಿರೊಟ್ಟಿ ಬೇಕೆನ್ನುವ ಮನೆಯವರು ಅಲ್ಲಿಯೇ ದೂರ ಸರಿಯುತ್ತಾರೆ. ಆ ಮನೆಗೆ ಇವಳೂ ಹೊಂದುವವಳಲ್ಲ. ಅಪ್ಪನ ಪ್ರೊಫೈಲಿನಲ್ಲಿದ್ದ ‘ಸಂಪ್ರದಾಯಸ್ಥ’ ಎಂಬ ಪದ ಹೊಸದರಲ್ಲಿ ಎಲ್ಲೂ ಇಲ್ಲ, ಆದರೆ ನ್ಯೂಜೆರ್ಸಿಯ ಚಳಿಯಲ್ಲಿ ಎಳ್ಳಮಾವಾಸ್ಯೆ ಮಾಡುವವಳಿಗೆ ಆ ಪದ ಬೇಕಾಗಿಲ್ಲ.

ಅವಳ ನಿರೀಕ್ಷೆಯಲ್ಲಿ ಗಟ್ಟಿಯಾದವು ಎರಡೇ. ಮೊದಲನೆಯದು ಮಕ್ಕಳ ಭಾಷೆ. ಮನೆಯೊಳಗಿನ ಮಾಂಸ ಎರಡನೆಯದು. ಉಳಿದದ್ದೆಲ್ಲ ಸಡಿಲ. ಹೊರದೇಶದಲ್ಲಿ ವಯಸ್ಸು, ನಗರ, ವೀಸಾ ಹೊಂದುವವರೇ ಕಡಿಮೆ. ಅದರ ಮೇಲೆ ಸೀಮೆ, ಉಪಭಾಷೆ, ಹಬ್ಬ, ಊಟ ಎಲ್ಲವನ್ನೂ ಕಡ್ಡಾಯ ಮಾಡಿದರೆ ಯಾರೂ ಉಳಿಯುವುದಿಲ್ಲ. ಎರಡು ತಿಂಗಳಾದರೂ ಒಂದೂ ವಿಚಾರಣೆ ಬರದಿದ್ದರೆ ಮೊದಲು ಈ ಕಡ್ಡಾಯಗಳನ್ನು ಎಣಿಸಿ ನೋಡಿ.

ಫೋಟೊ ಮತ್ತು ಗುಟ್ಟಾಗಿ ಉಳಿಯಬೇಕಾದದ್ದು

ಒಂದು ಫೋಟೊ ಹಬ್ಬದ ದಿನದ್ದಿರಲಿ, ನಿಮ್ಮ ಮನೆಯಲ್ಲೇ ತೆಗೆದದ್ದಾಗಿರಲಿ. ಕೂಟದ ಸಮಾರಂಭದ ಗುಂಪು ಫೋಟೊ ಬೇಡ: ಅದರಲ್ಲಿ ಬೇರೆಯವರ ಮುಖ, ಅವರ ಮಕ್ಕಳ ಮುಖ ಇರುತ್ತದೆ, ಹಿಂದಿನ ಬ್ಯಾನರ್ ನಿಮ್ಮ ಊರನ್ನು ಹೇಳಿಬಿಡುತ್ತದೆ. ಫೋನ್ ನಂಬರ್, ಕಂಪನಿಯ ಹೆಸರು, ಯಾವ ದೇವಸ್ಥಾನಕ್ಕೆ ಯಾವ ವಾರ ಹೋಗುತ್ತೀರಿ ಎಂಬುದನ್ನು ಪ್ರೊಫೈಲಿನಲ್ಲಿ ಬರೆಯಬಾರದು. ವೀಸಾ ಯಾವುದು ಎಂದು ಮಾತ್ರ ಹೇಳಿ. ಮದುವೆಯಾಗಿ ಬರುವವರಿಗೆ ಕೆಲಸ ಮಾಡಲು ಅನುಮತಿ ಸಿಗುತ್ತದೆಯೇ ಎಂಬುದು ಅದರ ಮೇಲೆ ನಿಂತಿದೆ.

ಉತ್ತರ ಬಂದ ಮೇಲೆ

ವಿವರವಾದ ಪ್ರೊಫೈಲಿನ ಒಂದು ತೊಂದರೆ ಎಂದರೆ, ಅದನ್ನೇ ಓದಿ ‘ನನಗೂ ಹಾಗೆಯೇ’ ಎನ್ನುವುದು ಸುಲಭ. ಆದ್ದರಿಂದ ಇಷ್ಟ ಏನು ಎಂದು ಕೇಳಬೇಡಿ, ನಡೆದದ್ದನ್ನು ಕೇಳಿ. ‘ಕಳೆದ ದೀಪಾವಳಿಗೆ ಎಲ್ಲಿದ್ದಿರಿ? ಅಡುಗೆ ಏನಿತ್ತು, ಯಾರು ಮಾಡಿದರು?’ ನಿಜವಾಗಿ ಮಾಡಿದವರ ಉತ್ತರದಲ್ಲಿ ಹೊಗೆಯ ಅಲಾರಂ ಹೊಡೆದುಕೊಂಡದ್ದು, ಹೋಳಿಗೆ ಹರಿದದ್ದು ಬರುತ್ತದೆ. ಮಾತಿನ ಮಧ್ಯೆ ಕನ್ನಡಕ್ಕೆ ತಿರುಗಿ, ಅವರು ಎಷ್ಟು ಹೊತ್ತು ಅದರಲ್ಲೇ ಉಳಿಯುತ್ತಾರೆ ಗಮನಿಸಿ. ಎರಡನೆಯ ಮೂರನೆಯ ವಾರದ ಒಳಗೆ ವಿಡಿಯೊ ಕರೆಗೆ ಬರದವರು, ಯಾವ ಕಾರಣಕ್ಕಾದರೂ ಹಣ ಕೇಳಿದವರು, ಎಷ್ಟೇ ಚೆಂದದ ಕನ್ನಡ ಬರೆದಿದ್ದರೂ ಅಲ್ಲಿಗೆ ನಿಲ್ಲಿಸಿ.

ಮನೆಯವರು ಊರಿನಿಂದ ಇನ್ನೊಂದು ಪ್ರೊಫೈಲ್ ನಡೆಸುತ್ತಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ ಮೊಟ್ಟೆ ಇದೆ, ಇನ್ನೊಂದರಲ್ಲಿ ಇಲ್ಲ ಎಂದಾದರೆ ಎದುರಿನವರು ನಂಬುವುದು ಯಾವುದನ್ನೂ ಅಲ್ಲ. ಸಾಧ್ಯವಾದರೆ ಒಂದನ್ನೇ ಇಡಿ, ಪಾಸ್‌ವರ್ಡ್ ನಿಮ್ಮ ಹತ್ತಿರವೂ ಇರಲಿ. ಊರು ಬದಲಾದಾಗ, ವೀಸಾ ಬದಲಾದಾಗ, ಮಾಂಸ ಬಿಟ್ಟಾಗ ಅಥವಾ ಶುರು ಮಾಡಿದಾಗ ಆ ವಾರವೇ ತಿದ್ದಿ.